ಸಂಕ್ರಾಂತಿ ಎಳ್ಳುಂಡೆ ಗರಿಗರಿ ಇರಬೇಕು, ಕಲ್ಲಾಗಬಾರದು. ಪಾಕ ಎಲ್ಲಿಗೆ ನಿಲ್ಲಿಸಬೇಕು?

ಸುಧಾ, ಹರಿಹರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಎಳ್ಳುಂಡೆಯೂ ಆಗಲೇಬೇಕು. ಓಣಿಯಲ್ಲಿ ಹಂಚೋಕೆ, ನಾದಿನಿ ಮನೆಗೆ ಕಳಿಸೋಕೆ ಅಂತ ಸ್ವಲ್ಪ ಜಾಸ್ತಿನೇ ಮಾಡುತ್ತೇವೆ. ಕಳೆದ ವರ್ಷ ಉಂಡೆ ತುಂಬಾ ಗಟ್ಟಿಯಾಯಿತು. ನಮ್ಮ ಅತ್ತೆ ಕುಟ್ಟಾಣಿಯಲ್ಲಿ ಒಡೆದುಕೊಂಡು ತಿಂದರು.

ಅಳತೆ ಹೇಳುತ್ತೇನೆ. ಅರ್ಧ ಕೇಜಿ ಬಿಳಿ ಎಳ್ಳು, ಅರ್ಧ ಕೇಜಿ ಬೆಲ್ಲ, ಒಂದು ಲೋಟ ನೀರು, ಏಲಕ್ಕಿ. ಪಾಕ ನೀರಿಗೆ ಬಿಟ್ಟಾಗ ಉಂಡೆ ಆಯಿತು, ಇಳಿಸಿದೆ. ಎಳ್ಳು ಹಾಕಿ ಕಲಸಿ ಕಟ್ಟೋಕೆ ಶುರು ಮಾಡಿದೆ.

ಮೆತ್ತಗಿನ ಉಂಡೆ ನನಗೆ ಬೇಡ. ಕಚ್ಚಿದರೆ ಕರುಂ ಅನ್ನಬೇಕು, ಆದರೆ ಹಲ್ಲಿಗೆ ತ್ರಾಸ ಆಗಬಾರದು. ಪಾಕ ಯಾವ ಹದಕ್ಕೆ ಬರಬೇಕು? ಎಳ್ಳು ಎಷ್ಟು ಹುರಿಯಬೇಕು?

ವೀಣಾ, ಜಗಳೂರು

ಪಾಕ ಜಾಸ್ತಿ ಕಾದಿದೆ ಅಷ್ಟೇ ಅಕ್ಕಾ. ಉಂಡೆ ಪಾಕದವರೆಗೂ ಬಿಡಲೇಬೇಡಿ. ಎರಡು ಬೆರಳಿನ ಮಧ್ಯೆ ಒಂದೆಳೆ ಬಂದ ತಕ್ಷಣ ಇಳಿಸಿ ಎಳ್ಳು ಹಾಕಿ. ನಮ್ಮಲ್ಲಿ ತಂಬಿಟ್ಟಿಗೆ ಹಾಗೇ ಮಾಡುತ್ತೇವೆ, ಒಂದು ಸಲವೂ ಗಟ್ಟಿಯಾಗಿಲ್ಲ.

ಲಕ್ಷ್ಮಿ, ಹೊಳಲ್ಕೆರೆ

ನನಗೂ ಇದೇ ತೊಂದರೆ. ನಮ್ಮ ಎಳ್ಳುಬೆಲ್ಲ ಡಬ್ಬಿಗೆ ಹಾಕಿದ ಎರಡೇ ದಿನಕ್ಕೆ ಜಿಬ್ಬಿ ಹಿಡಿಯುತ್ತದೆ. ಬೆಲ್ಲದ ಚೂರು ಎಲ್ಲಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೊಬ್ಬರಿ ಕಾರಣನಾ, ಬೆಲ್ಲ ಕಾರಣನಾ?

ಕೊಟ್ರಮ್ಮ, ದಾವಣಗೆರೆ

ಲಕ್ಷ್ಮಿ, ನಿನ್ನದು ಬೇರೆ ವಿಷಯ ಕಣಮ್ಮ. ಅದಕ್ಕೆ ಪಾಕ ಇಲ್ಲ. ಬೆಲ್ಲ ಹೆಚ್ಚಿದ ಮೇಲೆ ಬಟ್ಟೆ ಮೇಲೆ ಹರಡಿ ಬಿಸಿಲಿಗಿಡು. ಕೊಬ್ಬರಿಯನ್ನೂ ಹಾಗೇ ಒಣಗಿಸು. ಎಳ್ಳು, ಶೇಂಗಾ, ಹುರಿಗಡಲೆ ಪೂರ್ತಿ ಆರಿದ ಮೇಲೇ ಬೆರೆಸು. ಬಿಸಿ ಇದ್ದಾಗ ಬೆರೆಸಿದರೆ ಡಬ್ಬಿಯೊಳಗೆ ಬೆವರುತ್ತದೆ, ಬೆಲ್ಲ ನೀರು ಬಿಡುತ್ತದೆ.

ಸುಧಾ, ನಾನು ಹಬ್ಬದ ಸೀಸನ್ನಿನಲ್ಲಿ ಆರ್ಡರ್ ಮೇಲೆ ಉಂಡೆ ಮಾಡಿಕೊಡುತ್ತೇನೆ. ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ. ಎಲ್ಲಾ ಉಂಡೆಯೂ ಒಂದೇ ಥರ ಗಟ್ಟಿ ಇದ್ದವಾ, ಇಲ್ಲಾ ಮೊದಲು ಕಟ್ಟಿದ್ದು ಒಂದು ಥರ, ಕೊನೆಗೆ ಕಟ್ಟಿದ್ದು ಒಂದು ಥರ ಇತ್ತಾ? ಮತ್ತೆ, ಕಚ್ಚಿದಾಗ ಹಲ್ಲಿಗೆ ಅಂಟಿ ಎಳೆಯುತ್ತಿತ್ತಾ, ಅಥವಾ ಕಚ್ಚೋಕೇ ಬರುತ್ತಿರಲಿಲ್ವಾ?

ಸುಧಾ, ಹರಿಹರ

ನೀವು ಕೇಳಿದ ಮೇಲೆ ನೆನಪಾಯಿತು ಅಮ್ಮಾ. ಮೊದಲು ಕಟ್ಟಿದವು ಕಚ್ಚೋಕೆ ಬರುತ್ತಿದ್ದವು, ಆದರೆ ಹಲ್ಲಿಗೆ ಅಂಟುತ್ತಿದ್ದವು. ನಮ್ಮ ಹುಡುಗ ಒಂದು ಉಂಡೆ ಬಾಯಲ್ಲಿಟ್ಟುಕೊಂಡರೆ ಹತ್ತು ನಿಮಿಷ ಜಗಿಯುತ್ತಿದ್ದ. ಕೊನೆಯವು ಮಾತ್ರ ಕಲ್ಲೇ. ಅರ್ಧ ಕಟ್ಟುವಷ್ಟರಲ್ಲಿ ಬಾಣಲೆಯಲ್ಲಿ ಇದ್ದದ್ದು ಬಿಗಿದುಕೊಂಡಿತು. ಮತ್ತೆ ಒಲೆ ಮೇಲಿಟ್ಟು ಬಿಸಿ ಮಾಡಿದೆ. ಇನ್ನಷ್ಟು ಕಟ್ಟಿದೆ, ಮತ್ತೆ ಬಿಗಿಯಿತು, ಮತ್ತೆ ಇಟ್ಟೆ.

ಕೊಟ್ರಮ್ಮ, ದಾವಣಗೆರೆ

ಹಾಗಾದರೆ ನಿನ್ನ ಬಾಣಲೆಯಲ್ಲಿ ಎರಡು ತಪ್ಪು ಒಟ್ಟಿಗೇ ಆಗಿವೆ. ಮೊದಲಿನ ಉಂಡೆಗೆ ಪಾಕ ಸಾಲಲಿಲ್ಲ. ಕೊನೆಯ ಉಂಡೆಗೆ ಪಾಕ ಮೀರಿತು. ನೀನು ಎರಡಕ್ಕೂ ಗಟ್ಟಿ ಅಂತ ಒಂದೇ ಮಾತು ಹೇಳುತ್ತಿದ್ದೀಯ, ಅದಕ್ಕೇ ದಾರಿ ತಪ್ಪುತ್ತಿದೆ.

ಪಾಕದಲ್ಲಿ ನೀರಿನಂಶ ಉಳಿದಿದ್ದರೆ ಆರಿದ ಮೇಲೆ ಅದು ಎಳೆಯುತ್ತದೆ, ಜಗಿಯುವ ಹಾಗೆ ಆಗುತ್ತದೆ. ಆ ನೀರು ಹೋದರೆ ಮಾತ್ರ ಪಾಕ ಲಟಕ್ಕನೆ ಮುರಿಯುತ್ತದೆ. ಕರುಂ ಅನ್ನೋದು ಬರೋದು ಆ ಮುರಿಯುವ ಪಾಕದಿಂದ. ಅದಕ್ಕೇ ಗಟ್ಟಿಯಾಯಿತು ಅಂತ ಪಾಕ ಇಳಿಸುತ್ತಾ ಹೋದರೆ ಉಂಡೆ ಗರಿಗರಿ ಆಗಲ್ಲ, ಇನ್ನೂ ಅಂಟುತ್ತದೆ. ವೀಣಾ ಹೇಳಿದ ಒಂದೆಳೆ ಪಾಕ ತಂಬಿಟ್ಟಿಗೆ ಸರಿ. ಅಲ್ಲಿ ಹಿಟ್ಟು ಇರುತ್ತದೆ, ಪಾಕದ ನೀರನ್ನು ಹಿಟ್ಟು ಕುಡಿಯುತ್ತದೆ. ಎಳ್ಳು ಕುಡಿಯಲ್ಲ. ಆ ಪಾಕದಲ್ಲಿ ಎಳ್ಳುಂಡೆ ಕಟ್ಟಿದರೆ ಸಂಜೆಯೊಳಗೆ ಚಪ್ಪಟೆಯಾಗಿ ತಟ್ಟೆಗೆ ಅಂಟಿಕೊಳ್ಳುತ್ತದೆ.

ಈಗ ಹದ ನೋಡೋದು. ಬಟ್ಟಲಲ್ಲಿ ತಣ್ಣೀರು ಇಟ್ಟುಕೋ. ಪಾಕ ಕುದಿಯುವಾಗ ಚಮಚದ ತುದಿಯಿಂದ ಒಂದು ತೊಟ್ಟು ಬಿಡು. ಹತ್ತು ಎಣಿಸುವಷ್ಟು ಹೊತ್ತು ತಣಿಯೋಕೆ ಬಿಟ್ಟು ಆಮೇಲೆ ಎತ್ತು. ಮೊದಮೊದಲು ನೀರಲ್ಲಿ ಕರಗಿ ಹರಡುತ್ತದೆ. ಆಮೇಲೆ ಮೆತ್ತನೆ ಉಂಡೆ ಆಗುತ್ತದೆ, ಒತ್ತಿದರೆ ಚಪ್ಪಟೆ. ನೀನು ಇಳಿಸಿದ್ದು ಇಲ್ಲಿಗೆ. ಇನ್ನೂ ಸ್ವಲ್ಪ ಬಿಟ್ಟರೆ ಗಟ್ಟಿ ಉಂಡೆ, ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಅನ್ನುತ್ತದೆ. ತುಂಬಾ ಜನ ಇಲ್ಲಿ ನಿಲ್ಲಿಸುತ್ತಾರೆ. ನಾನು ಇದನ್ನೂ ಸ್ವಲ್ಪ ದಾಟಿಸುತ್ತೇನೆ. ನೀರಿಂದ ಎತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸು. ಚೂರು ಬಾಗಿ ಲಟಕ್ ಅಂತ ಮುರಿದರೆ ಅದೇ ಹದ. ಬಾಗದೆ ಪುಡಿಯಾಗಿ ಸಿಡಿದರೆ, ಬಣ್ಣ ಕಪ್ಪಾಗಿ ಸೀದ ವಾಸನೆ ಬಂದರೆ ಮೀರಿತು ಅಂತ ತಿಳಿ.

ಮೆತ್ತನೆ ಉಂಡೆಯಿಂದ ಈ ಹದಕ್ಕೆ ಬರೋಕೆ ಜಾಸ್ತಿ ಹೊತ್ತು ಬೇಡ. ಅಲ್ಲಿಂದ ಮುಂದೆ ಉರಿ ಸಣ್ಣಗಿರಲಿ, ಕೈ ಆಡಿಸುತ್ತಲೇ ಇರು. ತೊಟ್ಟು ನೋಡುವಾಗ ಪ್ರತಿ ಸಲವೂ ಬಾಣಲೆ ಇಳಿಸಿಕೊಂಡೇ ನೋಡು. ಇಲ್ಲದಿದ್ದರೆ ನೀನು ನೋಡುವಷ್ಟರಲ್ಲಿ ಒಲೆ ಮೇಲಿನ ಪಾಕ ಮುಂದೆ ಹೋಗಿರುತ್ತದೆ.

ಸುಧಾ, ಹರಿಹರ

ಆದರೆ ಅಮ್ಮಾ, ಪಾಕ ಇನ್ನೂ ಏರಿಸಿದರೆ ಅತ್ತೆ ಹೇಗೆ ತಿನ್ನುತ್ತಾರೆ? ಇನ್ನೂ ಗಟ್ಟಿ ಆಗಲ್ವಾ?

ಕೊಟ್ರಮ್ಮ, ದಾವಣಗೆರೆ

ಆಗಲ್ಲ, ಯಾಕಂದರೆ ಬೆಲ್ಲ ಕಡಿಮೆ ಹಾಕುತ್ತೀಯ. ಎಳ್ಳಿನ ಸಮಕ್ಕೆ ಬೆಲ್ಲ ಹಾಕಿದರೆ ಕಾಳು ಕಾಳಿನ ಮಧ್ಯೆ ಪಾಕ ದಪ್ಪಕ್ಕೆ ತುಂಬಿಕೊಳ್ಳುತ್ತದೆ. ಹಲ್ಲು ಒಡೆಯಬೇಕಾಗಿರೋದು ಆ ದಪ್ಪ ಪಾಕವನ್ನ. ಬೆಲ್ಲ ಕಡಿಮೆ ಇದ್ದರೆ ಪಾಕ ಕಾಳಿನ ಮೇಲೆ ತೆಳ್ಳಗೆ ಸವರಿದ ಹಾಗಿರುತ್ತದೆ, ಮಧ್ಯೆ ಸಣ್ಣ ಸಣ್ಣ ಸಂದು ಉಳಿಯುತ್ತದೆ. ತೆಳ್ಳಗಿನ ಪಾಕ ಎಷ್ಟು ಗರಿಗರಿ ಇದ್ದರೂ ಸುಲಭಕ್ಕೆ ಮುರಿಯುತ್ತದೆ.

ನನ್ನ ಅಳತೆ: ಕಾಲು ಕೇಜಿ ಎಳ್ಳು, 200 ಗ್ರಾಂ ಬೆಲ್ಲ, ಒಂದು ಹಿಡಿ ಹುರಿದು ಸಿಪ್ಪೆ ತೆಗೆದು ತರಿತರಿ ಮಾಡಿದ ಶೇಂಗಾ, ಒಂದು ಚಮಚ ತುಪ್ಪ. ನೀರು ಮೂರು ದೊಡ್ಡ ಚಮಚ ಸಾಕು, ಬೆಲ್ಲ ಕರಗೋಕೆ ಮಾತ್ರ. ನೀನು ಹಾಕಿದ ಒಂದು ಲೋಟ ನೀರು ಆರಿಸೋಕೇ ಅರ್ಧ ಹೊತ್ತು ಹೋಗಿರುತ್ತದೆ. ಬೆಲ್ಲ ಅಷ್ಟು ಹೊತ್ತು ಕುದಿದರೆ ಆಮೇಲೆ ಜಾಸ್ತಿ ಅಂಟುತ್ತದೆ. ಕರಗಿದ ಮೇಲೆ ಸೋಸಿಕೋ, ಮರಳು ಹೋಗಲಿ.

ಒಂದು ಸಲಕ್ಕೆ ಇದಕ್ಕಿಂತ ಜಾಸ್ತಿ ಮಾಡಬೇಡ. ಕಟ್ಟೋಕೆ ಇಬ್ಬರಿದ್ದರೆ ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಸುಮಾರು 30 ಉಂಡೆ ಬಾಣಲೆ ಬಿಸಿ ಇರುವಾಗಲೇ ಮುಗಿಯುತ್ತವೆ. ನಿನ್ನ ಕೊನೆಯ ಉಂಡೆ ಕಲ್ಲಾಗಿದ್ದು ಮತ್ತೆ ಮತ್ತೆ ಒಲೆಗಿಟ್ಟಿದ್ದಕ್ಕೆ. ಪ್ರತಿ ಸಲವೂ ಪಾಕದಲ್ಲಿ ಉಳಿದ ನೀರು ಇನ್ನಷ್ಟು ಹೋಯಿತು. ಮೇಲಾಗಿ ಬಿಗಿದ ಎಳ್ಳನ್ನು ಶಕ್ತಿ ಹಾಕಿ ಅಮುಕಿ ಕಟ್ಟಿರುತ್ತೀಯ, ಇದ್ದ ಸಂದೂ ಮುಚ್ಚಿಹೋಯಿತು.

ಬಸಣ್ಣ, ಚಳ್ಳಕೆರೆ

ಪಾಕದ ಬಗ್ಗೆ ಕೊಟ್ರಮ್ಮನವರು ಹೇಳಿದ್ದಾರೆ. ಎಳ್ಳಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಶೇಂಗಾ ಹೊಲ, ಅಂಚಿಗೆ ಎಳ್ಳು ಹಾಕುತ್ತೇವೆ. ಮನೆ ಎಳ್ಳಾದರೆ ಮಣ್ಣು ಇರುತ್ತದೆ. ನೀರಲ್ಲಿ ಜಾಲಾಡಿಸಿ ಮೇಲೆ ಬಂದದ್ದನ್ನು ಎತ್ತಿಕೊಳ್ಳಬೇಕು, ಕಲ್ಲು ಮರಳು ತಳಕ್ಕೆ ಕೂರುತ್ತದೆ. ಆಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ಹಸಿ ಇದ್ದಾಗ ಬಾಣಲೆಗೆ ಹಾಕಿದರೆ ಚಟಪಟ ಬೇಗ ಶುರುವಾಗುತ್ತದೆ. ಜನ ಹುರಿದಾಯಿತು ಅಂದುಕೊಳ್ಳುತ್ತಾರೆ, ಒಳಗೆ ಹಸಿನೇ ಇರುತ್ತದೆ.

ಅಂಗಡಿಯ ಪಾಲಿಶ್ ಎಳ್ಳು ಬೇಗ ಕೆಂಪಾಗುತ್ತದೆ, ಸಿಪ್ಪೆ ಇರಲ್ಲ. ಅದಕ್ಕೆ ಉರಿ ಇನ್ನೂ ಸಣ್ಣಗಿರಬೇಕು.

ಚಟಪಟ ಸದ್ದನ್ನು ಮಾತ್ರ ನಂಬಬೇಡಿ. ನಾಲ್ಕು ಕಾಳು ತೆಗೆದು ಆರಿಸಿ ಬೆರಳಲ್ಲಿ ತಿಕ್ಕಿ. ಪುಡಿಯಾಗಬೇಕು, ಘಮ್ಮನ್ನಬೇಕು. ನಜ್ಜಾಗಿ ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಹುರಿಯಬೇಕು. ಒಂದು ಸಲಕ್ಕೆ ಬಾಣಲೆಯ ತಳ ಮುಚ್ಚುವಷ್ಟು ಮಾತ್ರ ಹಾಕಿ. ಆದ ತಕ್ಷಣ ಅಗಲ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಕಹಿಯಾಗುತ್ತದೆ.

ಕೊಟ್ರಮ್ಮ, ದಾವಣಗೆರೆ

ಬಸಣ್ಣ ಸರಿಯಾಗಿ ಹೇಳಿದರು. ಅರ್ಧ ಕರುಂ ಎಳ್ಳಿನದೇ. ಹಸಿ ಉಳಿದ ಎಳ್ಳು ಹಾಕಿದರೆ ಪಾಕ ಎಷ್ಟು ಸರಿ ಇದ್ದರೂ ಮಾರನೇ ದಿನ ಮೆದುವಾಗುತ್ತದೆ. ಒಂದು ಮಾತು ಸೇರಿಸುತ್ತೇನೆ. ಪಾಕದ ಬಿಸಿಗೆ ಎಳ್ಳು ಇನ್ನೂ ಸ್ವಲ್ಪ ಹುರಿಯುತ್ತದೆ. ಅದಕ್ಕೇ ಬಣ್ಣ ತಿಳಿ ಹೊಂಬಣ್ಣದಲ್ಲಿದ್ದಾಗಲೇ ನಿಲ್ಲಿಸಬೇಕು. ಮತ್ತೆ, ಪಾಕಕ್ಕೆ ಹಾಕುವಾಗ ಎಳ್ಳು ಬೆಚ್ಚಗಿರಲಿ. ತಣ್ಣಗಿನ ಎಳ್ಳು ಸುರಿದರೆ ಪಾಕ ಕಲಸುವ ಮೊದಲೇ ಬಿಗಿಯುತ್ತದೆ. ಒಂದು ಕಡೆ ಬೆಲ್ಲದ ಗಂಟು, ಇನ್ನೊಂದು ಕಡೆ ಬರೀ ಎಳ್ಳು ಉದುರುತ್ತದೆ.

ಗಿರೀಶ, ಚಿತ್ರದುರ್ಗ

ನಾನು ಥರ್ಮಾಮೀಟರ್ ಇಟ್ಟು ಮಾಡುತ್ತೇನೆ. ಕೊಟ್ರಮ್ಮನವರು ಹೇಳುವ ಬಾಗಿ ಮುರಿಯುವ ಹದ 130 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬರುತ್ತದೆ. 140ರೊಳಗೆ ಇಳಿಸಿಬಿಡಬೇಕು. ಮೆತ್ತನೆ ಉಂಡೆ 115ರ ಆಸುಪಾಸಿನಲ್ಲೇ ಸಿಗುತ್ತದೆ. ಎರಡಕ್ಕೂ ಅಷ್ಟು ವ್ಯತ್ಯಾಸ ಇದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಎರಡೂ ನೊರೆನೊರೆಯಾಗಿ ಕುದಿಯುತ್ತಲೇ ಇರುತ್ತವೆ.

ತಗೊಳ್ಳುವವರು ಮೊದಲು ಕುದಿಯುವ ನೀರಲ್ಲಿ ಇಟ್ಟು ನೋಡಿ. ದುರ್ಗ ಸಮುದ್ರಮಟ್ಟದಿಂದ 700 ಮೀಟರ್ ಮೇಲಿದೆ, ಇಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. 100 ತೋರಿಸಲಿಲ್ಲ ಅಂತ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪಾಕದ ಹದಕ್ಕೂ ಅದೇ ಎರಡು ಡಿಗ್ರಿ ಕಳೆದುಕೊಂಡರೆ ಸರಿಹೋಗುತ್ತದೆ.

ಕೊಟ್ರಮ್ಮ, ದಾವಣಗೆರೆ

ಗಿರೀಶ, 200 ಗ್ರಾಂ ಬೆಲ್ಲಕ್ಕೆ ಅದರ ತುದಿ ಪಾಕದಲ್ಲಿ ಮುಳುಗುತ್ತದಾ? ಅಗಲ ಬಾಣಲೆಯಲ್ಲಿ ಪಾಕ ಬೆರಳು ದಪ್ಪವೂ ಇರಲ್ಲ. ತುದಿ ತಳಕ್ಕೆ ತಾಗಿದರೆ ಬಾಣಲೆಯ ಕಾವು ತೋರಿಸುತ್ತದೆ.

ಗಿರೀಶ, ಚಿತ್ರದುರ್ಗ

ನಿಜ ಅಮ್ಮಾ. ನಾನು ಬಾಣಲೆ ಓರೆ ಮಾಡಿ ಪಾಕ ಒಂದು ಕಡೆ ಸೇರಿಸಿ ನೋಡುತ್ತೇನೆ. ಸಣ್ಣ ಅಳತೆಗೆ ತಣ್ಣೀರೇ ವಾಸಿ ಅನ್ನೋದು ಒಪ್ಪುತ್ತೇನೆ. ಆದರೆ ಹೊಸಬರಿಗೆ ಎರಡನ್ನೂ ಒಟ್ಟಿಗೆ ನೋಡಿದರೆ ಕೈಗೆ ಹದ ಬೇಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಇಳಿಸಿದ ತಕ್ಷಣ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ತಿರುಗಿಸಿದರೆ ಪಾಕ ನೊರೆಯಾಗಿ ಉಬ್ಬುತ್ತದೆ, ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಆ ಗುಳ್ಳೆಗಳು ಒಳಗೇ ಉಳಿದುಕೊಳ್ಳುವುದರಿಂದ ಕಚ್ಚಿದರೆ ಹಗುರವಾಗಿ ಮುರಿಯುತ್ತದೆ. ಸುಧಾ ಅವರ ಅತ್ತೆಗೆ ಇದು ಅನುಕೂಲ.

ಕೊಟ್ರಮ್ಮ, ದಾವಣಗೆರೆ

ಸೋಡಾ ಕೆಲಸ ಮಾಡುತ್ತದೆ, ಸುಳ್ಳಲ್ಲ. ನಾನು ಹಾಕಲ್ಲ. ಉಂಡೆ ದೇವರ ಮುಂದೆ ಇಡೋದು, ಬೆಲ್ಲದ ರುಚಿ ಬೆಲ್ಲದ್ದೇ ಇರಬೇಕು. ಚಿಟಿಕೆಗಿಂತ ಚೂರು ಜಾಸ್ತಿಯಾದರೂ ಸೋಪಿನ ರುಚಿ ಬರುತ್ತದೆ. ಹಾಕುವವರು ಹಾಕಿಕೊಳ್ಳಲಿ.

ವೀಣಾ, ಜಗಳೂರು

ಸೋಡಾ ಬದಲು ನಮ್ಮ ದಾವಣಗೆರೆ ಮಂಡಕ್ಕಿ ಹಾಕಿ! ಒಂದು ಹಿಡಿ ಮಂಡಕ್ಕಿ ಕೈಯಲ್ಲಿ ತರಿ ಮಾಡಿ ಎಳ್ಳಿನ ಜೊತೆ ಸೇರಿಸಿದರೆ ಉಂಡೆ ಹಗುರ ಆಗುತ್ತದೆ. ನಮ್ಮ ಚಿಕ್ಕಮ್ಮ ಹೀಗೇ ಮಾಡುತ್ತಾರೆ.

ಬಸಣ್ಣ, ಚಳ್ಳಕೆರೆ

ಮಾಡಿದ ದಿನ ಚೆನ್ನಾಗಿರುತ್ತದಮ್ಮ. ಮೂರನೇ ದಿನಕ್ಕೆ ಮಂಡಕ್ಕಿ ಮೆದುವಾಗಿ ಬಾಯಿಗೆ ರಬ್ಬರ್ ಥರ ಸಿಗುತ್ತದೆ. ಬದಲಿಗೆ ಶೇಂಗಾನೇ ಜಾಸ್ತಿ ಮಾಡಿ.

ವೀಣಾ, ಜಗಳೂರು

ಮಂಡಕ್ಕಿಯನ್ನು ಮೊದಲು ಬರೀ ಬಾಣಲೆಯಲ್ಲಿ ಗರಿಗರಿ ಹುರಿದರೆ ಹಾಗಾಗಲ್ಲ ಅಣ್ಣಾ. ಪಾಕವೂ ಸರಿ ಇರಬೇಕು.

ಬಸಣ್ಣ, ಚಳ್ಳಕೆರೆ

ನಮ್ಮ ಮನೆಯಲ್ಲಿ ಹುರಿದು ಹಾಕಿದಾಗಲೂ ಮೆದುವಾಗಿದೆ. ನಿಮ್ಮಲ್ಲಿ ಉಳಿದರೆ ಸಂತೋಷ.

ಸುಧಾ, ಹರಿಹರ

ಇವತ್ತು ಕಾಲು ಕೇಜಿ ಅಳತೆಯಲ್ಲಿ ಮಾಡಿ ನೋಡಿದೆ. ಎಳ್ಳನ್ನು ಬಸಣ್ಣ ಅವರು ಹೇಳಿದ ಹಾಗೆ ತಿಕ್ಕಿ ನೋಡಿ ಹುರಿದೆ. ಚಟಪಟ ಶುರುವಾದಾಗ ತಿಕ್ಕಿದರೆ ನಜ್ಜಾಯಿತು. ಇನ್ನೂ ಸ್ವಲ್ಪ ಹೊತ್ತು ಸಣ್ಣ ಉರಿಯಲ್ಲಿ ಬಿಟ್ಟ ಮೇಲೇ ಪುಡಿಯಾಗಿದ್ದು. ನಾನು ಇಷ್ಟು ವರ್ಷ ಅರ್ಧಕ್ಕೇ ನಿಲ್ಲಿಸುತ್ತಿದ್ದೆ ಅಂತ ಆಯಿತು.

ಪಾಕದ ತೊಟ್ಟು ಮೆತ್ತನೆ ಉಂಡೆ ಆಯಿತು, ಬಿಟ್ಟೆ. ಟಣ್ ಅಂತು, ಬಿಟ್ಟೆ. ಮುಂದಿನ ತೊಟ್ಟು ಬಾಗಿ ಮುರಿಯಿತು, ಇಳಿಸಿ ತುಪ್ಪ, ಎಳ್ಳು, ಶೇಂಗಾ ಹಾಕಿದೆ. ಮಗಳೂ ನಾನೂ ಕೂತು ಕಟ್ಟಿದೆವು. ಉಂಡೆ ಈಗ ಅಂಟುತ್ತಿಲ್ಲ, ಕರುಂ ಅನ್ನುತ್ತಿದೆ. ಅತ್ತೆ ಕುಟ್ಟಾಣಿ ಕೇಳಲಿಲ್ಲ!

ಎರಡು ಅನುಮಾನ ಉಳಿದಿವೆ. ಕೈ ಸುಡುತ್ತದೆ ಅಂತ ಕೈಗೆ ನೀರು ಹಚ್ಚಿಕೊಂಡು ಕಟ್ಟಿದೆವು. ಸಂಜೆ ನೋಡಿದರೆ ಉಂಡೆಯ ಹೊರಗಡೆ ಸ್ವಲ್ಪ ಜಿಗುಟು. ಮತ್ತೆ ಕೊನೆಯ ಆರೇಳು ಉಂಡೆಗೆ ಎಳ್ಳು ಬಿಗಿದು ಉದುರೋಕೆ ಶುರುವಾಯಿತು. ಒಲೆಗಿಡಬೇಡ ಅಂದಿದ್ದಿರಿ, ಅದನ್ನ ಹಾಗೇ ಪುಡಿ ಮಾಡಿ ಎತ್ತಿಟ್ಟೆ.

ಕೊಟ್ರಮ್ಮ, ದಾವಣಗೆರೆ

ಜಿಗುಟು ಬಂದದ್ದು ನೀರಿಂದಲೇ. ನೀನು ಕಷ್ಟಪಟ್ಟು ಆರಿಸಿದ ನೀರನ್ನು ಮತ್ತೆ ಮೇಲೆ ಹಚ್ಚಿದ ಹಾಗಾಯಿತು. ಕೈಗೆ ಅಕ್ಕಿ ಹಿಟ್ಟು ಸವರಿಕೋ, ಇಲ್ಲಾ ತುಪ್ಪ. ನಾನು ಅಕ್ಕಿ ಹಿಟ್ಟೇ ಬಳಸೋದು, ಕಾವೂ ಅಷ್ಟು ತಾಗಲ್ಲ. ಮೊದಲು ಎಲ್ಲವನ್ನೂ ಚಮಚದಲ್ಲಿ ಗುಪ್ಪೆ ಗುಪ್ಪೆಯಾಗಿ ಹಿಟ್ಟು ಉದುರಿಸಿದ ತಟ್ಟೆಗೆ ಹಾಕಿಬಿಡು. ಆಮೇಲೆ ಒಂದೊಂದನ್ನೇ ಎತ್ತಿ ಹಗುರವಾಗಿ ಉರುಟು ಮಾಡು. ಅಮುಕಬೇಡ. ಗುಂಡಗೆ ಕಾಣಿಸಿದರೆ ಸಾಕು.

ಬಿಗಿಯದ ಹಾಗೆ ನೋಡಿಕೊಳ್ಳೋಕೆ, ಕುದಿಯುವ ನೀರಿನ ಪಾತ್ರೆ ಮೇಲೆ ಬಾಣಲೆ ಕೂರಿಸು. ಹಬೆ ಮೇಲೆ ನುಗ್ಗದ ಹಾಗೆ ಬಾಣಲೆ ಪಾತ್ರೆಯ ಬಾಯಿಗೆ ಸರಿಯಾಗಿ ಕೂತಿರಬೇಕು. ಆ ಕಾವಿಗೆ ಪಾಕ ಮೆದುವಾಗಿರುತ್ತದೆ, ಮುಂದಕ್ಕೆ ಹೋಗಲ್ಲ.

ಕಟ್ಟಿದ್ದನ್ನು ಪೂರ್ತಿ ಆರಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕು. ಫ್ರಿಜ್ ಬೇಡ, ಹೊರಗೆ ತೆಗೆದಾಗ ಬೆವರುತ್ತದೆ. ಸಂಕ್ರಾಂತಿಯ ಒಣ ಹವೆಯಲ್ಲಿ ಚೆನ್ನಾಗಿ ಉಳಿಯುತ್ತದೆ. ಇದನ್ನೇ ನಾಗರಪಂಚಮಿಗೆ ಮಾಡಿದರೆ ಮಳೆಗಾಲದ ಥಂಡಿಗೆ ಬೇಗ ಜಿಗುಟಾಗುತ್ತದೆ, ಆಗ ಹಬ್ಬಕ್ಕೆ ಬೇಕಾದಷ್ಟೇ ಮಾಡಬೇಕು.

ಲಕ್ಷ್ಮಿ, ಹೊಳಲ್ಕೆರೆ

ಕೊಟ್ರಮ್ಮಾರೇ, ಬೆಲ್ಲ ಬಿಸಿಲಿಗಿಟ್ಟೆ, ಈಗ ಅಂಟುತ್ತಿಲ್ಲ. ಇದನ್ನೆಲ್ಲಾ ಓದಿ ಉಂಡೆಗೂ ಕೈ ಹಾಕಿದೆ. ನನ್ನ ಪಾಕ ಎಷ್ಟು ಕಾಯಿಸಿದರೂ ಮುರಿಯೋ ಹದಕ್ಕೆ ಬರಲಿಲ್ಲ. ಎಳೆಯುತ್ತಲೇ ಇತ್ತು, ಕೊನೆಗೆ ಕಹಿ ಆಯಿತು. ಅಳತೆ ನಿಮ್ಮದೇ.

ಕೊಟ್ರಮ್ಮ, ದಾವಣಗೆರೆ

ಬೆಲ್ಲ ಹೇಗಿದೆ? ಒತ್ತಿದರೆ ಬೆರಳು ಇಳಿಯುತ್ತದಾ, ಒಡೆದರೆ ಸರಿಯಾಗಿ ಮುರಿಯುತ್ತದಾ?

ಲಕ್ಷ್ಮಿ, ಹೊಳಲ್ಕೆರೆ

ಕಪ್ಪು ಬೆಲ್ಲ. ಉಂಡೆಗೆ ಡಬ್ಬಿಯಲ್ಲಿದ್ದ ಹಳೆಯದು ಹಾಕಿದೆ. ಮೆತ್ತಗಿದೆ, ಸ್ವಲ್ಪ ಹುಳಿ ವಾಸನೆನೂ ಇದೆ.

ಕೊಟ್ರಮ್ಮ, ದಾವಣಗೆರೆ

ಅದು ಪಾಕಕ್ಕೆ ಬರಲ್ಲ. ನೀರು ಕುಡಿದು ಹುಳಿಯಾದ ಬೆಲ್ಲ ಕಾಯಿಸಿದಷ್ಟೂ ಎಳೆಯುತ್ತದೆ, ಆಮೇಲೆ ನೇರವಾಗಿ ಸೀಯುತ್ತದೆ. ಈಗ ಆಲೆಮನೆಯಿಂದ ಹೊಸ ಬೆಲ್ಲ ಬರುವ ಕಾಲ. ಅಂಗಡಿಯಲ್ಲಿ ಒಡೆದು ನೋಡಿ ತಗೋ. ಒಣಗಿರಬೇಕು, ಮುರಿದ ಕಡೆ ಹರಳು ಹರಳಾಗಿ ಕಾಣಬೇಕು. ಹಾಗಂತ ತೀರಾ ಬಿಳಿಚಿಕೊಂಡದ್ದೂ ಬೇಡ, ಬಣ್ಣಕ್ಕೆ ಅಂತ ಏನೇನೋ ಹಾಕಿರುತ್ತಾರೆ.

ಗಿರೀಶ, ಚಿತ್ರದುರ್ಗ

ಅಮ್ಮಾ, ಕರಿ ಎಳ್ಳಿಗೂ ಇದೇ ಅಳತೆನಾ? ಬಣ್ಣ ನೋಡಿ ಹುರಿಯೋಕೆ ಆಗಲ್ವಲ್ಲ.

ಕೊಟ್ರಮ್ಮ, ದಾವಣಗೆರೆ

ಅಳತೆ ಅದೇ. ಹುರಿಯುವಾಗ ತಿಕ್ಕಿ ನೋಡೋದು, ಮೂಗು, ಎರಡೇ ದಾರಿ. ನಾಲ್ಕು ಕಾಳು ಬಿಳಿ ಎಳ್ಳು ಅದರ ಜೊತೆ ಹಾಕಿಕೋ, ಅವುಗಳ ಬಣ್ಣ ನೋಡಿ ಇಳಿಸು. ಬೆಲ್ಲ ಮಾತ್ರ ಚೂರು ಜಾಸ್ತಿ ಬೇಕಾಗಬಹುದು, ಕರಿ ಎಳ್ಳಿಗೆ ಒಗರು ಇರುತ್ತದೆ. ಎಷ್ಟು ಜಾಸ್ತಿ ಅನ್ನೋದು ನಿನ್ನ ನಾಲಿಗೆಗೆ ಬಿಟ್ಟದ್ದು. 220 ಗ್ರಾಂ ದಾಟಿದರೆ ಮಾತ್ರ ಉಂಡೆ ಗಟ್ಟಿಯಾಯಿತು ಅಂತ ನನ್ನನ್ನ ಕೇಳಬೇಡ.

ಸುಧಾ, ಹರಿಹರ

ನಾಳೆ ಎರಡು ಸುತ್ತು ಮಾಡುತ್ತೇನೆ, ಅಕ್ಕಿ ಹಿಟ್ಟು ಹಚ್ಚಿಕೊಂಡು. ಒಂದಕ್ಕೆ ಗಿರೀಶ್ ಹೇಳಿದ ಚಿಟಿಕೆ ಸೋಡಾ ಹಾಕಿ, ಇನ್ನೊಂದಕ್ಕೆ ಹಾಕದೆ. ದೇವರಿಗೆ ಸೋಡಾ ಇಲ್ಲದ್ದು. ಎರಡನ್ನೂ ಅತ್ತೆಗೆ ಕೊಟ್ಟು ಯಾವುದು ಹಲ್ಲಿಗೆ ಹಿತ ಅಂತ ಕೇಳಿ ಇಲ್ಲಿ ಬರೆಯುತ್ತೇನೆ. ಎತ್ತಿಟ್ಟ ಪುಡಿಯನ್ನು ಹೋಳಿಗೆ ಹೂರಣಕ್ಕೆ ಹಾಕಬಹುದಾ?

ಬಸಣ್ಣ, ಚಳ್ಳಕೆರೆ

ಎಳ್ಳು ಹೋಳಿಗೆಗೇ ಹಾಕಿ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಬೆಲ್ಲ ಆಗಲೇ ಇರೋದರಿಂದ ಮೇಲೆ ಸ್ವಲ್ಪ ಹಾಕಿದರೆ ಸಾಕು.